ರೆಸ್ಯೂಮೆಯಲ್ಲಿ ಇಲ್ಲದ್ದನ್ನು ಮೇಲ್‌ನಲ್ಲಿ ಬರೆದದ್ದು: ಒಂದು ಕ್ವಾಲಿಟಿ ಎಂಜಿನಿಯರ್ ಅರ್ಜಿಯ ಪ್ರಕರಣ

ಹುಬ್ಬಳ್ಳಿ ಕಡೆ ಅಲ್ಯೂಮಿನಿಯಂ ಬಿಡಿಭಾಗಗಳನ್ನು ಮೆಷಿನಿಂಗ್ ಮಾಡುವ ಒಂದು ಕಂಪನಿ ಕ್ವಾಲಿಟಿ ಎಂಜಿನಿಯರ್ ಬೇಕು ಅಂತ ಜಾಹೀರಾತು ಕೊಟ್ಟಿತ್ತು. ಮೆಕ್ಯಾನಿಕಲ್ ಡಿಪ್ಲೊಮಾ ಆಗಿರಬೇಕು, ಮೂರರಿಂದ ಐದು ವರ್ಷ ಅನುಭವ ಇರಬೇಕು, ಅಳತೆಯ ಉಪಕರಣಗಳು ಗೊತ್ತಿರಬೇಕು, ಗ್ರಾಹಕರ ದೂರುಗಳನ್ನು ಸ್ವತಃ ನಿಭಾಯಿಸಬೇಕು. ಕೊನೆಯಲ್ಲಿ ಇನ್ನೊಂದು ಸಾಲು: ಈಗಿನ ಸಂಬಳ, ನಿರೀಕ್ಷಿಸುವ ಸಂಬಳ ಮತ್ತು ನೋಟಿಸ್ ಪಿರಿಯಡ್ ತಿಳಿಸಿ, ರೆಸ್ಯೂಮೆಯನ್ನು ಮೇಲ್ ಮಾಡಿ.

ಅರ್ಜಿ ಹಾಕಲು ಹೊರಟವಳು ಬೆಂಗಳೂರಿನ ಪೀಣ್ಯದಲ್ಲಿ ಕೆಲಸ ಮಾಡುತ್ತಿದ್ದ ಗದಗ ಕಡೆಯ ಹುಡುಗಿ. ಹೆಸರು ಇಲ್ಲಿ ಬೇಡ. ಡಿಪ್ಲೊಮಾ ಮುಗಿಸಿ ಮೊದಲ ಕೆಲಸಕ್ಕೆ ಸೇರಿದ್ದು ನಾನು ಕ್ವಾಲಿಟಿ ವಿಭಾಗ ನೋಡಿಕೊಳ್ಳುತ್ತಿದ್ದ ಮೆಷಿನ್ ಶಾಪ್‌ಗೆ. ಆ ಪರಿಚಯದಿಂದಲೇ ರೆಸ್ಯೂಮೆ ಮತ್ತು ಮೇಲ್ ಎರಡನ್ನೂ ನನಗೆ ಕಳಿಸಿ, ಒಮ್ಮೆ ನೋಡಿ ಹೇಳಿ ಅಂದಳು. ರೆಸ್ಯೂಮೆ ಚೆನ್ನಾಗಿತ್ತು. ಎರಡೇ ಪುಟ, ತಾರೀಖುಗಳು ಸ್ಪಷ್ಟ, ಬಣ್ಣ ಬಾರ್ಡರ್ ಏನೂ ಇಲ್ಲ. ಮೇಲ್ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳಿದರೆ ಹೀಗಿರುತ್ತದೆ:

"ಗೌರವಾನ್ವಿತರೇ, ನಿಮ್ಮ ಪ್ರತಿಷ್ಠಿತ ಕಂಪನಿಯ ಕ್ವಾಲಿಟಿ ಎಂಜಿನಿಯರ್ ಹುದ್ದೆಗೆ ಅರ್ಜಿ ಸಲ್ಲಿಸುತ್ತಿದ್ದೇನೆ. ನಾನು 2018ರಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾವನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿದ್ದೇನೆ. 2018ರ ಜುಲೈಯಿಂದ 2021ರ ಮಾರ್ಚ್‌ವರೆಗೆ ಒಂದು ಕಂಪನಿಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದೆ. 2022ರ ಜೂನ್‌ನಿಂದ ಈಗಿನ ಕಂಪನಿಯಲ್ಲಿ ಅದೇ ಹುದ್ದೆಯಲ್ಲಿದ್ದೇನೆ. ವರ್ನಿಯರ್, ಮೈಕ್ರೊಮೀಟರ್, ಹೈಟ್ ಗೇಜ್, ಬೋರ್ ಗೇಜ್, ಸಿಎಮ್‌ಎಮ್ ಬಳಸಲು ಬರುತ್ತದೆ. ನಾನು ಶ್ರಮಪಟ್ಟು ಕೆಲಸ ಮಾಡುವವಳು, ಬೇಗ ಕಲಿಯುವವಳು, ತಂಡದ ಜೊತೆ ಹೊಂದಿಕೊಳ್ಳುವವಳು. ರೆಸ್ಯೂಮೆ ಲಗತ್ತಿಸಿದ್ದೇನೆ. ಒಂದು ಅವಕಾಶ ಕೊಡಬೇಕಾಗಿ ವಿನಂತಿ."

ಇದರಲ್ಲಿ ಸುಳ್ಳು ಒಂದೂ ಇಲ್ಲ. ಭಾಷೆಯೂ ಪರವಾಗಿಲ್ಲ. ಆದರೆ ಪೆನ್ಸಿಲ್ ಹಿಡಿದು ರೆಸ್ಯೂಮೆಯ ಪಕ್ಕದಲ್ಲಿಟ್ಟು ಓದಿದರೆ ಏನಾಗುತ್ತದೆ ನೋಡಿ. ರೆಸ್ಯೂಮೆಯಲ್ಲಿ ಆಗಲೇ ಇರುವ ವಾಕ್ಯಗಳನ್ನು ಮೊದಲು ಹೊಡೆದುಹಾಕಿದೆವು. ಡಿಪ್ಲೊಮಾ ಹೋಯಿತು, ಎರಡೂ ಕೆಲಸ ಹೋದವು, ಉಪಕರಣಗಳ ಪಟ್ಟಿ ಹೋಯಿತು. ಆಮೇಲೆ ಯಾರು ಬೇಕಾದರೂ ಬರೆಯಬಹುದಾದ ವಾಕ್ಯಗಳನ್ನು ಹೊಡೆದೆವು. ಶ್ರಮಪಟ್ಟು ಕೆಲಸ ಮಾಡುವವಳು, ಬೇಗ ಕಲಿಯುವವಳು, ಪ್ರತಿಷ್ಠಿತ ಕಂಪನಿ, ಒಂದು ಅವಕಾಶ. ಕೊನೆಗೆ ಉಳಿದದ್ದು "ಕ್ವಾಲಿಟಿ ಎಂಜಿನಿಯರ್ ಹುದ್ದೆಗೆ ಅರ್ಜಿ ಸಲ್ಲಿಸುತ್ತಿದ್ದೇನೆ" ಅನ್ನುವ ಒಂದೇ ಮಾತು. ಜಾಹೀರಾತು ನೇರವಾಗಿ ಕೇಳಿದ್ದ ಸಂಬಳ, ನೋಟಿಸ್ ಪಿರಿಯಡ್ ಮೇಲ್‌ನಲ್ಲಿ ಇರಲೇ ಇಲ್ಲ.

ಈ ಹೊಡೆದುಹಾಕುವ ಕೆಲಸ ಮಾಡದೆ ಯಾರೂ ಮೇಲ್ ಕಳಿಸಬಾರದು ಅನ್ನುವುದು ನನ್ನ ಅಭಿಪ್ರಾಯ. ಮೇಲ್ ಬರೆಯಲು ಕೂತಾಗ ಕಣ್ಣೆದುರು ರೆಸ್ಯೂಮೆ ತೆರೆದಿರುತ್ತದೆ. ಕೈ ತಾನಾಗಿಯೇ ಅದನ್ನೇ ವಾಕ್ಯ ಮಾಡಿ ಬರೆಯುತ್ತದೆ. ಬರೆದವರಿಗೆ ಅದು ಗೊತ್ತೂ ಆಗುವುದಿಲ್ಲ.

ಆ ಕಡೆ ಓದುವವರು ಯಾರು

ಇಂಥ ಮಧ್ಯಮ ಗಾತ್ರದ ಕಾರ್ಖಾನೆಗಳಲ್ಲಿ ಅರ್ಜಿಯನ್ನು ಸಾಮಾನ್ಯವಾಗಿ ಇಬ್ಬರು ನೋಡುತ್ತಾರೆ. ಮೊದಲು ಎಚ್‌ಆರ್‌ನವರು. ಅವರಿಗೆ ಬೇಕಾದ್ದು ಅನುಭವ ಎಷ್ಟು ವರ್ಷ, ಸಂಬಳ ನಮ್ಮ ಲೆಕ್ಕಕ್ಕೆ ಹೊಂದುತ್ತಾ, ಯಾವಾಗ ಸೇರಬಹುದು ಅನ್ನುವುದು. ಅದು ಸರಿ ಕಂಡರೆ ಕ್ವಾಲಿಟಿ ಮುಖ್ಯಸ್ಥರಿಗೆ ಫಾರ್ವರ್ಡ್ ಮಾಡುತ್ತಾರೆ. ನಾನು ಆ ಜಾಗದಲ್ಲಿ ಕೂತು ಓದಿದವನು. ಶಾಪ್‌ನಲ್ಲಿ ನಿಂತುಕೊಂಡೇ ಫೋನಿನಲ್ಲಿ ಮೇಲ್ ತೆಗೆದು ನೋಡುವುದು ಜಾಸ್ತಿ. ಮೇಲ್ ಕಣ್ಣಿಗೆ ನೇರವಾಗಿ ಕಾಣುತ್ತದೆ, ರೆಸ್ಯೂಮೆ ನೋಡಬೇಕೆಂದರೆ ಫೈಲ್ ತೆರೆಯಬೇಕು. ಹಾಗಾಗಿ ಆಮೇಲೆ ಫೈಲನ್ನು ಎಷ್ಟು ಗಮನ ಕೊಟ್ಟು ಓದುತ್ತೇವೆ ಅನ್ನುವುದು ಮೇಲ್ ಓದಿದಾಗ ಮನಸ್ಸಿನಲ್ಲಿ ಏನು ಉಳಿಯಿತು ಅನ್ನುವುದರ ಮೇಲೆ ನಿಂತಿರುತ್ತದೆ.

ಅದಕ್ಕೇ ಈ ಮಾತುಗಳನ್ನು ಬೇರೆ ಕವರ್ ಲೆಟರ್ ಫೈಲ್ ಮಾಡಿ ಲಗತ್ತಿಸದೆ, ಮೇಲ್‌ನ ಒಳಗೇ ಬರೆಯಬೇಕು. ಜಾಹೀರಾತೇ ಬೇರೆ ಫೈಲ್ ಕೇಳಿದ್ದರೆ ಆ ಮಾತು ಬೇರೆ.

ಎರಡನೇ ಹೆಜ್ಜೆಯಾಗಿ ಆಕೆಯ ರೆಸ್ಯೂಮೆಯನ್ನು ಗುರುತಿಲ್ಲದವರ ಹಾಗೆ ಮತ್ತೊಮ್ಮೆ ಓದಿದೆ. ಓದುತ್ತಾ ಹೋದಂತೆ ಮನಸ್ಸಿಗೆ ಬಂದ ಪ್ರಶ್ನೆಗಳನ್ನು ಅಂಚಿನಲ್ಲಿ ಬರೆದುಕೊಂಡೆ. ಮೂರು ಬಂದವು. 2021ರ ಏಪ್ರಿಲ್‌ನಿಂದ 2022ರ ಮೇವರೆಗೆ ಏನು ಮಾಡುತ್ತಿದ್ದಳು? ವಿಳಾಸ ಬೆಂಗಳೂರಿನದ್ದು, ಹುಬ್ಬಳ್ಳಿಗೆ ನಿಜವಾಗಿ ಬರುತ್ತಾಳಾ, ಬಂದರೂ ಆರು ತಿಂಗಳಲ್ಲಿ ವಾಪಸ್ ಹೋಗುತ್ತಾಳಾ? ಎರಡೂ ಕಡೆ ಹುದ್ದೆ ಇನ್‌ಸ್ಪೆಕ್ಟರ್. ಇನ್‌ಸ್ಪೆಕ್ಟರ್ ಅಂದರೆ ಭಾಗವನ್ನು ಅಳೆದು ಪಾಸ್ ಅಥವಾ ರಿಜೆಕ್ಟ್ ಅನ್ನುವವರು. ದೂರು ಬಂದಾಗ ಕಾರಣ ಹುಡುಕುವ ಕೆಲಸ ಮಾಡಿದ್ದಾಳಾ?

ಮೂರನೆಯದೇ ದೊಡ್ಡ ತೊಡಕು. ಜಾಹೀರಾತು ಒತ್ತಿ ಕೇಳಿದ್ದೂ ಅದನ್ನೇ. ರೆಸ್ಯೂಮೆಯಲ್ಲಿ ಅದಕ್ಕೆ ಉತ್ತರವಾಗಿ ಇದ್ದದ್ದು "ಗ್ರಾಹಕರ ದೂರುಗಳ ವಿಶ್ಲೇಷಣೆಯಲ್ಲಿ ಭಾಗವಹಿಸಿದ್ದೇನೆ" ಅನ್ನುವ ಒಂದು ಸಾಲು. ಭಾಗವಹಿಸಿದ್ದು ಅಂದರೆ ಮೀಟಿಂಗಿನಲ್ಲಿ ಸುಮ್ನೆ ಕೂತಿದ್ದೂ ಆಗಬಹುದು, ಅಲ್ವಾ? ರೆಸ್ಯೂಮೆಯಲ್ಲಿ ಇದನ್ನು ಬಿಡಿಸಿ ಹೇಳಲು ಜಾಗವಿಲ್ಲ, ಹೇಳುವ ಜಾಗವೂ ಅದಲ್ಲ. ಮೇಲ್‌ಗೆ ಕೆಲಸ ಇರುವುದೇ ಇಲ್ಲಿ.

ಆ ಒಂದು ಸಾಲಿನ ಹಿಂದೆ ಏನಿತ್ತು

ಫೋನ್ ಮಾಡಿ ಕೇಳಿದೆ. "ದೂರು ವಿಶ್ಲೇಷಣೆ ಅಂತ ಬರೆದಿದ್ದೀಯಲ್ಲಮ್ಮ, ಯಾವ ದೂರು? ಏನು ಮಾಡಿದೆ ಅದರಲ್ಲಿ?"

"ಸರ್, ಒಂದು ಪಂಪ್ ಹೌಸಿಂಗ್ ಕಂಪ್ಲೇಂಟ್ ಬಂದಿತ್ರಿ. ಬೇರಿಂಗ್ ಕೂಡ್ರವಲ್ದು ಅಂತ ಕಸ್ಟಮರ್ ವಾಪಸ್ ಕಳಿಸಿದ್ರು. ಆದ್ರ ಅದನ್ನ ನಾ ಒಬ್ಬಾಕಿನ ಮಾಡಿದ್ದಲ್ರಿ. ಮೊದಲ ಹೇಳಿದ್ದು ಆಪರೇಟರ್ ಅಣ್ಣಾರು."

ಆ ಕಥೆ ಹೀಗಿದೆ. ಹೌಸಿಂಗ್ ಅಲ್ಯೂಮಿನಿಯಂನದ್ದು. ಅದರೊಳಗೆ 6206 ಬೇರಿಂಗ್ ಕೂರಬೇಕು. ಅದರ ಹೊರ ವ್ಯಾಸ 62 ಮಿಲಿಮೀಟರ್. ಡ್ರಾಯಿಂಗ್ ಪ್ರಕಾರ ಬೋರ್, ಅಂದರೆ ಬೇರಿಂಗ್ ಕೂರುವ ತೂತು, 62.000ದಿಂದ 62.030ರ ಒಳಗೆ ಇರಬೇಕು. ಅಂದರೆ ಒಟ್ಟು 30 ಮೈಕ್ರಾನ್ ಜಾಗ. ಶಾಪ್‌ನಲ್ಲಿ ಪ್ರತಿ ಭಾಗವನ್ನೂ ಬೋರ್ ಗೇಜ್‌ನಿಂದ ಅಳೆದಿದ್ದರು, ಎಲ್ಲವೂ ಪಾಸ್. ಗ್ರಾಹಕರ ಕಡೆ ಅಳೆದರೆ ಕೆಲವು 62ಕ್ಕಿಂತ ಚಿಕ್ಕವು. ಮೊದಲು ಎಲ್ಲರ ಅನುಮಾನ ಹೋದದ್ದು ಗೇಜ್ ಮೇಲೆ. ಕ್ಯಾಲಿಬ್ರೇಶನ್ ನೋಡಿದರು, ಸರಿಯಾಗಿತ್ತು. ಆಗ ಆಪರೇಟರ್ ಒಂದು ಮಾತು ಹೇಳಿದರಂತೆ: ನಿನ್ನೆ ಸಂಜೆ ಅಳೆದಿಟ್ಟ ಪೀಸನ್ನು ಇವತ್ತು ಬೆಳಗ್ಗೆ ಅಳೆದರೆ ಕಡಿಮೆ ತೋರಿಸುತ್ತೆ.

ಆಕೆ ಆ ಮಾತನ್ನು ಬಿಡಲಿಲ್ಲ. ಮೆಷಿನ್‌ನಿಂದ ಆಗಷ್ಟೇ ಹೊರಬಂದ ಒಂದು ಭಾಗವನ್ನು ಗ್ರಾನೈಟ್ ಸರ್ಫೇಸ್ ಪ್ಲೇಟ್ ಮೇಲಿಟ್ಟು, ಐದೈದು ನಿಮಿಷಕ್ಕೊಮ್ಮೆ ಅಳೆದು ಬರೆದುಕೊಂಡಳು. ಅಳತೆ ಇಳಿಯುತ್ತಾ ಹೋಯಿತು. ಅರ್ಧ ಗಂಟೆ ಹೊತ್ತಿಗೆ ನಿಂತಿತು. ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿಯಾದರೆ ಮೀಟರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. 62 ಮಿಲಿಮೀಟರ್ ಬೋರ್‌ಗೆ ಅದು ಡಿಗ್ರಿಗೆ 1.4 ಮೈಕ್ರಾನ್ ಆಯಿತು. ಭಾಗ ಹತ್ತು ಡಿಗ್ರಿ ಬಿಸಿ ಇದ್ದರೆ 14 ಮೈಕ್ರಾನ್. ಬಿಸಿಯಲ್ಲಿ 62.008 ಅಂತ ಪಾಸ್ ಆದ ಭಾಗ ತಣ್ಣಗಾದ ಮೇಲೆ 61.994. ಬೇರಿಂಗ್ ಹೇಗೆ ಕೂರಬೇಕು?

ಪರಿಹಾರವೂ ದೊಡ್ಡದೇನಲ್ಲ. ಮೆಷಿನ್‌ನಿಂದ ತೆಗೆದ ಭಾಗವನ್ನು ಗೇಜ್ ಹೊಂದಿಸುವ ಸೆಟ್ಟಿಂಗ್ ರಿಂಗ್‌ನ ಪಕ್ಕದಲ್ಲೇ ಅರ್ಧ ಗಂಟೆ ಇಟ್ಟು ಆಮೇಲೆ ಅಳೆಯುವುದು. ಬೋರ್‌ನ ಗುರಿಯನ್ನು ಡ್ರಾಯಿಂಗ್ ಮಿತಿಯ ಮಧ್ಯಕ್ಕೆ ತರುವುದು. ಇವೆರಡನ್ನೂ ತಪಾಸಣೆಯ ಹಾಳೆಯಲ್ಲಿ ಸೇರಿಸಿದರು. ಗ್ರಾಹಕರಿಗೆ ಹೋದ ಉತ್ತರದಲ್ಲಿ ಕಾರಣದ ಭಾಗವನ್ನು ಬರೆದವಳು ಈಕೆ.

ಇಷ್ಟನ್ನೆಲ್ಲ ಮಾಡಿದವಳು ಮೇಲ್‌ನಲ್ಲಿ "ಬೇಗ ಕಲಿಯುವವಳು" ಅಂತ ಬರೆದುಕೊಂಡಿದ್ದಳು. ಓದಿ ನನಗೆ ನಿಜವಾಗಿಯೂ ಬೇಜಾರಾಯಿತು. ನಮ್ಮ ಹುಡುಗ ಹುಡುಗಿಯರಲ್ಲಿ ಇದನ್ನು ತುಂಬಾ ನೋಡಿದ್ದೇನೆ. ಮಾಡಿದ ಕೆಲಸವನ್ನು ದಿನದ ಕೆಲಸ ಅಂತ ಪಕ್ಕಕ್ಕಿಟ್ಟು, ಗುಣವಾಚಕಗಳನ್ನು ಎಲ್ಲಿಂದಲೋ ತಂದು ಹಾಕುತ್ತಾರೆ.

"ಸರ್, ಅದನ್ನೆಲ್ಲಾ ಮೇಲ್‌ನ್ಯಾಗ ಬರೀಬೇಕೇನ್ರಿ? ಭಾಳ ಉದ್ದ ಆಗೂದಿಲ್ಲೇನ್ರಿ?"

"ಎಲ್ಲಾ ಬೇಡಮ್ಮ. ನಾಲ್ಕು ಸಾಲು ಸಾಕು. ಆಪರೇಟರ್ ಹೇಳಿದ್ದನ್ನೂ ಸೇರಿಸು."

ಮೇಲ್ ಮತ್ತೆ ಬರೆದಾಗ

ಎರಡು ದಿನ ಬಿಟ್ಟು ಕಳಿಸಿದ ಮೊದಲ ಪ್ರಯತ್ನದಲ್ಲಿ ಒಂದು ವಾಕ್ಯ ಹೀಗಿತ್ತು: "ಒಂದು ಗಂಭೀರ ದೂರನ್ನು ಪರಿಹರಿಸಿ ಕಂಪನಿಗೆ ಲಕ್ಷಾಂತರ ರೂಪಾಯಿ ಉಳಿಸಿದೆ." ಲಕ್ಷಾಂತರ ಅನ್ನುವುದಕ್ಕೆ ಆಕೆಯ ಹತ್ತಿರ ಲೆಕ್ಕ ಇರಲಿಲ್ಲ. ಯಾರೋ ಹೀಗೆ ಬರೆದರೆ ಒಳ್ಳೆಯದು ಅಂದಿದ್ದರಂತೆ. ಕ್ವಾಲಿಟಿಯಲ್ಲಿ ಕೆಲಸ ಮಾಡುವವರು ಅಳೆಯದ ಸಂಖ್ಯೆಯನ್ನು ಬರೆದರೆ, ಓದುವ ಇನ್ನೊಬ್ಬ ಕ್ವಾಲಿಟಿಯವರಿಗೆ ಅಲ್ಲೇ ನಂಬಿಕೆ ಹೋಗುತ್ತದೆ. ಆ ವಾಕ್ಯ ತೆಗೆಸಿದೆ. ಗ್ರಾಹಕ ಕಂಪನಿಯ ಹೆಸರನ್ನೂ ಭಾಗದ ನಂಬರನ್ನೂ ತೆಗೆಸಿದೆ. ಇನ್ನೊಬ್ಬರ ದೂರಿನ ವಿವರ ಹೊರಗೆ ಹೇಳುವವರು ನಾಳೆ ನಮ್ಮದನ್ನೂ ಹೇಳುತ್ತಾರೆ ಅಂತ ಓದುವವರಿಗೆ ಅನ್ನಿಸಬಾರದು.

ಕೊನೆಗೆ ಹೋದ ಮೇಲ್, ಕನ್ನಡದಲ್ಲಿ:

"ನಮಸ್ಕಾರ. ಹುಬ್ಬಳ್ಳಿ ಘಟಕದ ಕ್ವಾಲಿಟಿ ಎಂಜಿನಿಯರ್ ಹುದ್ದೆಗೆ ಅರ್ಜಿ ಹಾಕುತ್ತಿದ್ದೇನೆ. ಗ್ರಾಹಕರ ದೂರುಗಳನ್ನು ಸ್ವತಃ ನಿಭಾಯಿಸುವವರು ಬೇಕು ಎಂದು ಕೇಳಿದ್ದೀರಿ. ನನ್ನ ಹುದ್ದೆಯ ಹೆಸರು ಇನ್‌ಸ್ಪೆಕ್ಟರ್ ಆದರೂ ಈಗಿನ ಕಂಪನಿಯಲ್ಲಿ ಈ ಕೆಲಸ ಮಾಡಿದ್ದೇನೆ. ಒಂದು ಉದಾಹರಣೆ ಕೊಡುತ್ತೇನೆ.

ನಮ್ಮಲ್ಲಿ ಪಾಸ್ ಆದ ಅಲ್ಯೂಮಿನಿಯಂ ಹೌಸಿಂಗ್‌ಗಳ 62 ಮಿ.ಮೀ. ಬೋರ್ ಗ್ರಾಹಕರಲ್ಲಿ ಚಿಕ್ಕದಾಗಿ ಬಂತು. ಗೇಜ್ ಸರಿಯಿತ್ತು. ಹಿಂದಿನ ದಿನದ ಭಾಗ ಬೆಳಗ್ಗೆ ಕಡಿಮೆ ತೋರಿಸುತ್ತದೆ ಎಂದು ಮೆಷಿನ್ ಆಪರೇಟರ್ ಗಮನಿಸಿದ್ದರು. ನಾನು ಬಿಸಿ ಭಾಗವನ್ನು ಐದೈದು ನಿಮಿಷಕ್ಕೊಮ್ಮೆ ಅಳೆದು, ತಣ್ಣಗಾಗುವಾಗ ಬೋರ್ ಎಷ್ಟು ಕುಗ್ಗುತ್ತದೆ ಎಂದು ದಾಖಲಿಸಿದೆ. ಅಳೆಯುವ ಮೊದಲು ಅರ್ಧ ಗಂಟೆ ಇಡುವ ನಿಯಮ ಅದರಿಂದ ಬಂತು. ಆಮೇಲೆ ಈ ಭಾಗಕ್ಕೆ ಇದೇ ದೂರು ಮತ್ತೆ ಬಂದಿಲ್ಲ. ಗ್ರಾಹಕರಿಗೆ ಕಳಿಸಿದ ವರದಿಯಲ್ಲಿ ಕಾರಣದ ಭಾಗ ಬರೆದದ್ದು ನಾನು.

ರೆಸ್ಯೂಮೆಯಲ್ಲಿ 2021ರ ಏಪ್ರಿಲ್‌ನಿಂದ 2022ರ ಮೇವರೆಗೆ ಬಿಡುವು ಕಾಣುತ್ತದೆ. ಮನೆಯವರ ಆರೋಗ್ಯದ ಕಾರಣಕ್ಕೆ ಊರಿನಲ್ಲಿದ್ದೆ. ಆ ಜವಾಬ್ದಾರಿ ಮುಗಿದ ಮೇಲೆ 2022ರ ಜೂನ್‌ನಿಂದ ಬಿಡದೆ ಕೆಲಸದಲ್ಲಿದ್ದೇನೆ. ನಾನು ಗದಗ ಕಡೆಯವಳು, ಹುಬ್ಬಳ್ಳಿಯಲ್ಲೇ ನೆಲೆಸಬೇಕೆಂದು ಈ ಕಡೆ ಕೆಲಸ ಹುಡುಕುತ್ತಿದ್ದೇನೆ.

ಈಗಿನ ವಾರ್ಷಿಕ ಸಂಬಳ 3.2 ಲಕ್ಷ, ನಿರೀಕ್ಷೆ 3.6 ಲಕ್ಷ. ನೋಟಿಸ್ ಪಿರಿಯಡ್ 30 ದಿನ. ರೆಸ್ಯೂಮೆ ಲಗತ್ತಿಸಿದ್ದೇನೆ. ಸಂಜೆ ಆರರ ಮೇಲೆ ಫೋನಿನಲ್ಲಿ ಸಿಗುತ್ತೇನೆ."

ಮತ್ತೆ ಅದೇ ಪೆನ್ಸಿಲ್ ಪರೀಕ್ಷೆ ಮಾಡಿದೆವು. ಡಿಪ್ಲೊಮಾ ಇಲ್ಲ, ಉಪಕರಣಗಳ ಪಟ್ಟಿ ಇಲ್ಲ, ಕಂಪನಿಗಳ ಹೆಸರಿಲ್ಲ. ಹುದ್ದೆಯ ಹೆಸರು ಮತ್ತು ತಾರೀಖುಗಳು ಎರಡೂ ಕಡೆ ಇವೆ. ಆದರೆ ಇಲ್ಲಿ ಅವು ಬಂದಿರುವುದು ಓದುವವರ ಪ್ರಶ್ನೆಯನ್ನು ಎತ್ತಿ ಉತ್ತರ ಕೊಡಲು. ಇಂಥ ಪುನರಾವರ್ತನೆ ಬೇಕಾಗುತ್ತದೆ. ಇಲ್ಲದಿದ್ದರೆ ಉತ್ತರ ಯಾವುದಕ್ಕೆ ಅಂತಲೇ ಗೊತ್ತಾಗುವುದಿಲ್ಲ.

"ಹುದ್ದೆಯ ಹೆಸರು ಇನ್‌ಸ್ಪೆಕ್ಟರ್ ಆದರೂ" ಅನ್ನುವ ಮಾತನ್ನು ಹಾಕಲು ಆಕೆಗೆ ಹಿಂಜರಿಕೆ ಇತ್ತು. ಕೊರತೆಯನ್ನು ನಾನೇ ಯಾಕೆ ತೋರಿಸಬೇಕು ಅಂತ. ಆದರೆ ಅದು ರೆಸ್ಯೂಮೆಯಲ್ಲಿ ಎರಡು ಕಡೆ ಬರೆದಿದೆ, ಓದುವವರು ನೋಡೇ ನೋಡುತ್ತಾರೆ. ತಾನಾಗಿ ಹೇಳಿ, ಮುಂದಿನ ಸಾಲಿನಲ್ಲೇ ಉದಾಹರಣೆ ಕೊಟ್ಟರೆ ಆ ಪ್ರಶ್ನೆ ಅಲ್ಲಿಗೇ ಮುಗಿಯಿತು. ಹೇಳದೆ ಬಿಟ್ಟರೆ ಓದುವವರು ತಮಗೆ ತೋಚಿದ ಉತ್ತರ ತುಂಬಿಕೊಳ್ಳುತ್ತಾರೆ.

ಬಿಡುವಿನ ಬಗ್ಗೆ ಎಷ್ಟು ಹೇಳಬೇಕು ಅನ್ನುವುದರ ಮೇಲೆ ನಾವು ಜಾಸ್ತಿ ಹೊತ್ತು ಮಾತಾಡಿದೆವು. ತಂದೆಗೆ ಲಕ್ವ ಹೊಡೆದಿತ್ತು. ಆಸ್ಪತ್ರೆ, ಫಿಸಿಯೋಥೆರಪಿ, ಮನೆಯ ಸಾಲ ಎಲ್ಲವನ್ನೂ ಮೊದಲು ಒಂದು ಪ್ಯಾರಾದಲ್ಲಿ ಬರೆದಿದ್ದಳು. ಓದಿದರೆ ಕರುಳು ಚುರುಕ್ ಅನ್ನುತ್ತದೆ. ಆದರೆ ಅಷ್ಟು ಬರೆದರೆ ಓದುವವರ ಮನಸ್ಸು ಬೋರ್ ಅಳತೆಯಿಂದ ಮನೆಯ ಕಷ್ಟದ ಕಡೆಗೆ ಹೋಗುತ್ತದೆ. ಮುಂದೆಯೂ ರಜೆ ಬೇಕಾಗಬಹುದೇನೋ ಅನ್ನುವ ಅನುಮಾನವೂ ಹುಟ್ಟುತ್ತದೆ. ಅವರಿಗೆ ಬೇಕಾದ್ದು ಮೂರು ಸಂಗತಿ ಮಾತ್ರ: ಕಾರಣ ಏನು, ಅದು ಮುಗಿದಿದೆಯಾ, ಆಮೇಲೆ ಕೆಲಸದಲ್ಲಿ ನಿಂತಿದ್ದಾಳಾ. ಆ ಮೂರಕ್ಕೆ ಎರಡು ವಾಕ್ಯ ಸಾಕಾದವು. ಮುಗಿದಿದೆ ಅಂತ ಬರೆಯುವ ಮುಂಚೆ ನಿಜಕ್ಕೂ ಮುಗಿದಿದೆಯಾ ಅಂತ ಕೇಳಿದೆ. ತಂದೆ ಈಗ ತಾವೇ ಓಡಾಡುತ್ತಾರೆ, ಅಣ್ಣ ಅತ್ತಿಗೆ ಜೊತೆಗಿದ್ದಾರೆ ಅಂದಳು. ಹಾಗಿಲ್ಲದಿದ್ದರೆ ಆ ವಾಕ್ಯ ಬರೆಯಲು ನಾನು ಒಪ್ಪುತ್ತಿರಲಿಲ್ಲ.

ಸಂಬಳದ ಸಾಲು ಇಲ್ಲಿ ಬಂದದ್ದು ಜಾಹೀರಾತು ಕೇಳಿದ್ದಕ್ಕೆ. ಕೇಳದಿದ್ದರೆ ಮೊದಲ ಮೇಲ್‌ನಲ್ಲೇ ಬರೆಯುವ ಅಗತ್ಯವಿಲ್ಲ. ಕೇಳಿದಾಗ ಬಿಟ್ಟರೆ ಮಾತ್ರ ಎಚ್‌ಆರ್‌ನವರು ಮತ್ತೆ ಕೇಳಿ ಬರೆಯುವುದಕ್ಕಿಂತ ಮುಂದಿನ ಅರ್ಜಿಗೆ ಹೋಗುವುದೇ ಹೆಚ್ಚು. ಮೇಲ್‌ನಲ್ಲಿ 30 ದಿನ ಅಂತಿದ್ದದ್ದು ರೆಸ್ಯೂಮೆಯ ಕೊನೆಯಲ್ಲಿ 45 ದಿನ ಅಂತ ಇತ್ತು, ಹಳೆಯ ಕಂಪನಿಯ ಕಾಲದ್ದು ಹಾಗೇ ಉಳಿದಿತ್ತು. ತಿದ್ದಿದೆವು. ಮೇಲ್ ಬದಲಾದಾಗಲೆಲ್ಲ ಅದಕ್ಕೂ ರೆಸ್ಯೂಮೆಗೂ ಹೊಂದಿಕೆ ಇದೆಯಾ ಅಂತ ತಾರೀಖು, ಅಂಕಿಗಳನ್ನು ಒಮ್ಮೆ ತಾಳೆ ನೋಡಲೇಬೇಕು.

ಮೊದಲ ಮೇಲ್‌ನ ಸಬ್ಜೆಕ್ಟ್ ಲೈನ್ ಬರೀ `Job Application` ಅಂತಿತ್ತು, ಫೈಲಿನ ಹೆಸರು `resume new final 2.pdf`. ಸಬ್ಜೆಕ್ಟ್ ಲೈನ್ ಹೀಗಾಯಿತು:

```
Quality Engineer, Hubballi - aluminium machining, 4+ yrs, 30 days notice
```

ಫೈಲಿಗೆ ಆಕೆಯ ಹೆಸರು ಮತ್ತು ಹುದ್ದೆ ಇಟ್ಟೆವು. ಎಚ್‌ಆರ್‌ನವರು ಫೈಲನ್ನು ಇಳಿಸಿಕೊಂಡು ಬೇರೆಯವರಿಗೆ ಕಳಿಸಿದ ಮೇಲೆ ಅದು ಮೇಲ್‌ನಿಂದ ಬೇರೆಯಾಗುತ್ತದೆ. ಆಗ ಯಾರದ್ದು ಅಂತ ಹೇಳುವುದು ಫೈಲಿನ ಹೆಸರು ಮಾತ್ರ.

ಸಂದರ್ಶನದಲ್ಲಿ

ಮೊದಲು ಎಚ್‌ಆರ್‌ನಿಂದ ಫೋನ್ ಬಂತು. ಬಿಡುವಿನ ಬಗ್ಗೆ ಕೇಳಲೇ ಇಲ್ಲ. ಯಾವ ದಿನ ಬರಬಹುದು ಅಂತ ಕೇಳಿ ದಿನ ಗೊತ್ತು ಮಾಡಿದರು.

ಕ್ವಾಲಿಟಿ ಮುಖ್ಯಸ್ಥರು ಕೂತದ್ದೇ ಹೌಸಿಂಗ್ ಕಥೆಯಿಂದ ಶುರು ಮಾಡಿದರಂತೆ. ಆಕೆ ಬಂದು ಹೇಳಿದ ಹಾಗೆ ಅವರ ಪ್ರಶ್ನೆ ಇದು: "ಅರ್ಧ ತಾಸು ಇಟ್ರಿ ಅಂತ ಇಟ್ಕೊಳ್ರಿ. ನಿಮ್ಮ ಸೆಟ್ಟಿಂಗ್ ರಿಂಗ್ ಸ್ಟೀಲಿಂದು, ಪೀಸ್ ಅಲ್ಯೂಮಿನಿಯಂದು. ಬ್ಯಾಸಿಗ್ಯಾಗ ನಮ್ಮ ಶಾಪ್ 35 ಡಿಗ್ರಿ ಇರ್ತದ. ಎರಡೂ ಒಂದ ಬಿಸಿ ಇದ್ರೂ ಅಳತಿ ತಪ್ಪಾಗೂದಿಲ್ಲೇನ್ರಿ?"

ಇದು ಒಳ್ಳೆಯ ಪ್ರಶ್ನೆ. ಅಳತೆಗೆ ಜಗತ್ತಿನಾದ್ಯಂತ ಒಪ್ಪಿಕೊಂಡ ಉಷ್ಣತೆ 20 ಡಿಗ್ರಿ. ಸ್ಟೀಲ್ ಹಿಗ್ಗುವುದು ಅಲ್ಯೂಮಿನಿಯಂನ ಅರ್ಧದಷ್ಟು. ಹಾಗಾಗಿ 35 ಡಿಗ್ರಿಯಲ್ಲಿ ಎರಡೂ ಸಮವಾಗಿ ಬಿಸಿಯಾಗಿದ್ದರೂ 62 ಮಿಲಿಮೀಟರ್ ಬೋರ್ ಸುಮಾರು 10 ಮೈಕ್ರಾನ್ ದೊಡ್ಡದಾಗಿ ಕಾಣುತ್ತದೆ. ಅರ್ಧ ಗಂಟೆಯ ನಿಯಮ ಈ ತಪ್ಪನ್ನು ಸರಿಮಾಡುವುದಿಲ್ಲ. ಆಕೆಗೆ ಇದು ಗೊತ್ತಿತ್ತು. ಶಾಪ್‌ನ ಅಳತೆ ದಿನದ ನಿಯಂತ್ರಣಕ್ಕೆ ಮಾತ್ರ, ಪ್ರತಿ ಲಾಟ್‌ನಿಂದ ಕೆಲವು ಭಾಗಗಳನ್ನು ಏಸಿ ಇರುವ ಸ್ಟ್ಯಾಂಡರ್ಡ್ಸ್ ರೂಮಿನಲ್ಲಿಟ್ಟು ಮಾರನೇ ದಿನ ಸಿಎಮ್‌ಎಮ್ ಅನ್ನುವ ನಿಖರ ಅಳತೆಯ ಯಂತ್ರದಲ್ಲಿ ನೋಡುತ್ತಿದ್ದೆವು ಅಂತ ಉತ್ತರ ಕೊಟ್ಟಳು. ಬೋರ್ ಗುರಿಯನ್ನು ಮಧ್ಯಕ್ಕೆ ತಂದದ್ದೂ ಇಂಥ ತಪ್ಪಿಗೆ ಜಾಗ ಇರಲಿ ಅಂತಲೇ ಅಂದಳು. ಮಾತು ಅಲ್ಲಿಂದ ಅವರ ಶಾಪ್‌ನ ತೊಂದರೆಗಳಿಗೆ ಹೋಯಿತಂತೆ.

ಮೇಲ್‌ನಲ್ಲಿ ಯಾವ ಕಥೆ ಹಾಕುತ್ತೀರೋ ಸಂದರ್ಶನದ ಮೊದಲ ಪ್ರಶ್ನೆ ಅದರ ಮೇಲೇ ಬರುವುದು ಸಹಜ. ಅದಕ್ಕೇ ಕಥೆ ಆರಿಸುವಾಗ ನಾನು ಆಕೆಗೆ ಕೇಳಿದ್ದು, ಇದರ ಬಗ್ಗೆ ಹತ್ತು ನಿಮಿಷ ಕೆದಕಿದರೆ ಉತ್ತರ ಕೊಡಬಲ್ಲೆಯಾ ಅಂತ. ಆಕೆಯ ರೆಸ್ಯೂಮೆಯಲ್ಲಿ ಇದಕ್ಕಿಂತ ದೊಡ್ಡದಾಗಿ ಕಾಣುವ ಒಂದು ಪ್ರಾಜೆಕ್ಟ್ ಇತ್ತು. ಅದರಲ್ಲಿ ಆಕೆಯ ಪಾಲು ಮಾಹಿತಿ ಸಂಗ್ರಹಿಸಿ ಕೊಟ್ಟದ್ದಷ್ಟೇ. ಅದನ್ನು ಮೇಲ್‌ಗೆ ತರಲಿಲ್ಲ.

ಬೆಳಗಾವಿಗೆ ಹೋದ ಇನ್ನೊಂದು ಮೇಲ್

ಅದೇ ವಾರ ಬೆಳಗಾವಿಯ ಒಂದು ಕಂಪನಿಗೂ ಅರ್ಜಿ ಹಾಕಿದಳು. ಅಲ್ಲಿ ಹೈಡ್ರಾಲಿಕ್ ಭಾಗಗಳು, ಎರಕದ ಕಬ್ಬಿಣದ ಕಾಸ್ಟಿಂಗ್. ಜಾಹೀರಾತಿನಲ್ಲಿ ದೂರುಗಳ ಮಾತೇ ಇರಲಿಲ್ಲ. ಸಪ್ಲೈಯರ್‌ಗಳಿಂದ ಬರುವ ಕಾಸ್ಟಿಂಗ್‌ಗಳನ್ನು ಸಿಎಮ್‌ಎಮ್‌ನಲ್ಲಿ ಪರೀಕ್ಷಿಸುವವರು ಬೇಕಿತ್ತು. ರೆಸ್ಯೂಮೆ ಅದೇ ಕಳಿಸಿದರೂ ಮೇಲ್‌ನ ಮಧ್ಯದ ಪ್ಯಾರಾ ಪೂರ್ತಿ ಬದಲಾಯಿತು.

ಮೊದಲ ಕೆಲಸದಲ್ಲಿ ನಡೆದ ಒಂದು ಸಂಗತಿ ಇದಕ್ಕೆ ಒದಗಿತು. ಒಂದೇ ಕಾಸ್ಟಿಂಗ್‌ಗೆ ಸಪ್ಲೈಯರ್ ವರದಿಯೂ ನಮ್ಮ ವರದಿಯೂ ಪ್ರತಿ ಸಲ ಬೇರೆ ಬರುತ್ತಿತ್ತು. ಮೆಷಿನಿಂಗ್ ಆಗದ ಕಾಸ್ಟಿಂಗ್‌ನ ಮೈ ಒರಟು. ಎಲ್ಲಿ ಮುಟ್ಟಿ ಅಳತೆ ಶುರು ಮಾಡುತ್ತೀರೋ ಅದಕ್ಕೆ ತಕ್ಕಂತೆ ಉಳಿದೆಲ್ಲ ಅಳತೆಯೂ ಬದಲಾಗುತ್ತದೆ. ಡ್ರಾಯಿಂಗಿನಲ್ಲಿ ಆಧಾರದ ಬಿಂದುಗಳನ್ನು ಗುರುತಿಸಿರಲಿಲ್ಲ. ಇಬ್ಬರೂ ಕೂತು ಯಾವ ಜಾಗಗಳಲ್ಲಿ ಮುಟ್ಟಬೇಕು ಅಂತ ಫೋಟೋ ಮೇಲೆ ಗುರುತು ಹಾಕಿಕೊಂಡ ಮೇಲೆ ವರದಿಗಳು ತಾಳೆಯಾದವು. ಆ ಫೋಟೋ ಹಾಳೆ ಮಾಡಿದವಳು ಈಕೆ. ನನ್ನ ಕಣ್ಣೆದುರೇ ನಡೆದ ಕೆಲಸ ಅದು. ರೆಸ್ಯೂಮೆಯಲ್ಲಿ ಇದಕ್ಕೆ ಇದ್ದದ್ದು "ಸಿಎಮ್‌ಎಮ್ ಬಳಕೆ" ಅನ್ನುವ ಎರಡು ಪದ.

ಬಿಡುವಿನ ಎರಡು ವಾಕ್ಯ ಹಾಗೇ ಉಳಿದವು. "ಗದಗ ಕಡೆಯವಳು" ಅನ್ನುವ ಸಾಲು ತೆಗೆದಳು. ಬೆಳಗಾವಿಗೆ ಬರುವುದಕ್ಕೆ ಅದು ಕಾರಣವಾಗುವುದಿಲ್ಲ. ಬದಲಿಗೆ, ಊರು ಬದಲಿಸಲು ತಯಾರಿದ್ದೇನೆ ಅಂತ ಮಾತ್ರ ಬರೆದಳು. ಸಂಬಳ ಕೇಳಿರಲಿಲ್ಲ, ಬರೆಯಲಿಲ್ಲ. ಕಳಿಸುವ ಮೊದಲು ಹಳೆಯ ಮೇಲ್‌ನಿಂದ "ಹುಬ್ಬಳ್ಳಿ" ಅನ್ನುವ ಪದ ಎಲ್ಲಾದರೂ ಉಳಿದಿದೆಯಾ ಅಂತ ಹುಡುಕಿದಳು. ಸಬ್ಜೆಕ್ಟ್ ಲೈನಿನಲ್ಲಿ ಉಳಿದಿತ್ತು.

ಮೇಲ್ ಇಲ್ಲದೆ ಬರೀ ಫೈಲ್ ಅಪ್‌ಲೋಡ್ ಮಾಡಿಸಿಕೊಳ್ಳುವ ಕೆಲವು ದೊಡ್ಡ ಕಂಪನಿಗಳಿಗೂ ಆಕೆ ಅರ್ಜಿ ಹಾಕಿದ್ದಳು. ಅಲ್ಲಿ ಈ ಶ್ರಮಕ್ಕೆಲ್ಲ ಜಾಗವೇ ಇರಲಿಲ್ಲ. ಅವಕ್ಕಾಗಿ ರೆಸ್ಯೂಮೆಯಲ್ಲೇ ಆ ಒಂದು ಸಾಲನ್ನು ತಿದ್ದಿಸಿದೆ. "ದೂರುಗಳ ವಿಶ್ಲೇಷಣೆಯಲ್ಲಿ ಭಾಗವಹಿಸಿದ್ದೇನೆ" ಅನ್ನುವುದು "ಬೋರ್ ಅಳತೆಯ ದೂರಿಗೆ ಕಾರಣ ಪತ್ತೆ, ತಪಾಸಣೆ ವಿಧಾನದಲ್ಲಿ ಬದಲಾವಣೆ" ಅಂತಾಯಿತು. ಒಂದೇ ಸಾಲಿನಲ್ಲಿ ಅಷ್ಟು ಹೇಳಬಹುದು, ಅದಕ್ಕಿಂತ ಜಾಸ್ತಿ ಹಿಡಿಸುವುದಿಲ್ಲ.

ಬೆಳಗಾವಿಯವರು ಕರೆಯುವ ಹೊತ್ತಿಗೆ ಆಕೆ ಹುಬ್ಬಳ್ಳಿಯ ಆಫರ್ ಒಪ್ಪಿಕೊಂಡಾಗಿತ್ತು. ಬೇರೆ ಕಡೆ ಸೇರುತ್ತಿದ್ದೇನೆ, ಕರೆದಿದ್ದಕ್ಕೆ ಧನ್ಯವಾದ ಅಂತ ಅವತ್ತೇ ಅವರಿಗೆ ಬರೆದಳು.